ಮುಖದೊಳಗೊಂದು ಬೆಟ್ಟ: ಡಬಲ್ ಎಕ್ಸ್‌ಪೋಷರ್ ಚಿತ್ರದ ಹಿಂದಿರುವ ಸಮೀಕರಣ

ಬೋಧನಾಭ್ಯಾಸದ ಅವಧಿಯಲ್ಲಿ ಮಲೆನಾಡಿನ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ನಾನು ಗಣಿತ ಪಾಠ ಮಾಡುತ್ತಿದ್ದೆ. ಘಟಕ, ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳು. ಸಮೀಕರಣಕ್ಕೆ ಬೆಲೆಗಳನ್ನು ಹಾಕಿ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯಲು ಮಕ್ಕಳಿಗೆ ಬರುತ್ತಿತ್ತು. ಆ ಗೆರೆ ಏನನ್ನು ಹೇಳುತ್ತದೆ ಎಂದು ಕೇಳಿದರೆ ತರಗತಿ ಮೌನವಾಗುತ್ತಿತ್ತು. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಜಿಂಪ್ ಎಂಬ ಉಚಿತ ಚಿತ್ರ ಸಂಪಾದನಾ ತಂತ್ರಾಂಶವಿತ್ತು. ಅದರಲ್ಲಿ ಒಬ್ಬರ ಮುಖದ ಫೋಟೋ ಮತ್ತು ಒಂದು ಭೂದೃಶ್ಯವನ್ನು ಬೆರೆಸಿ ‘ಡಬಲ್ ಎಕ್ಸ್‌ಪೋಷರ್’ ಚಿತ್ರ ಮಾಡಿಸಿ, ಆ ಬೆರೆಕೆಯ ಲೆಕ್ಕವೇ ಒಂದು ರೇಖಾತ್ಮಕ ಸಮೀಕರಣ ಎಂದು ತೋರಿಸುವುದು ನನ್ನ ಪಾಠ ಯೋಜನೆಯಾಗಿತ್ತು.

ಮೊದಲ ದಿನ ಪಾಠ ಕೆಟ್ಟಿತು. ಅದು ಕೆಟ್ಟ ಬಗೆಯಿಂದಲೇ ಆ ಸಮೀಕರಣ ನನಗೆ ಸರಿಯಾಗಿ ಅರ್ಥವಾದದ್ದು. ಇದೇ ಚಟುವಟಿಕೆಯನ್ನು ಮಾಡಿಸಲು ಹೊರಡುವ ಸಹಪಾಠಿಗಳು ಅದೇ ತಪ್ಪನ್ನು ಮಾಡದಿರಲಿ ಎಂದು ಎರಡೂ ದಿನಗಳ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಫಿಲ್ಮ್‌ನಲ್ಲಿ ಆಗುತ್ತಿದ್ದುದು

ಫಿಲ್ಮ್ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದು, ಫಿಲ್ಮ್ ಸುರುಳಿಯನ್ನು ಮುಂದಕ್ಕೆ ತಿರುಗಿಸದೆ ಅದೇ ಚೌಕದ ಮೇಲೆ ಇನ್ನೊಂದು ಫೋಟೋ ತೆಗೆದರೆ ಎರಡೂ ಚಿತ್ರಗಳು ಒಂದರ ಮೇಲೊಂದು ಮೂಡುತ್ತವೆ. ಇದೇ ಡಬಲ್ ಎಕ್ಸ್‌ಪೋಷರ್. ಮೊದಲ ಚಿತ್ರದಲ್ಲಿ ಬೆಳಕು ತುಂಬಿದ ಜಾಗದಲ್ಲಿ ಎರಡನೆಯ ಚಿತ್ರ ಹೆಚ್ಚೇನೂ ಸೇರಿಸಲಾರದು. ಮೊದಲ ಚಿತ್ರದಲ್ಲಿ ಕತ್ತಲಿದ್ದ ಜಾಗದಲ್ಲಿ ಫಿಲ್ಮ್ ಇನ್ನೂ ಖಾಲಿ ಇರುವುದರಿಂದ ಎರಡನೆಯ ಚಿತ್ರ ಅಲ್ಲಿ ಸ್ಪಷ್ಟವಾಗಿ ಕೂರುತ್ತದೆ. ಹಾಗಾಗಿಯೇ ಬಿಳಿ ಹಿನ್ನೆಲೆಯ ಮುಂದೆ ನಿಂತವರ ಕಪ್ಪು ಕೂದಲಿನೊಳಗೆ ಮರಗಳು ಕಾಣುತ್ತವೆ, ಹಿನ್ನೆಲೆ ಬಿಳಿಯಾಗಿಯೇ ಉಳಿಯುತ್ತದೆ.

ಕಂಪ್ಯೂಟರ್‌ನಲ್ಲಿ ಈ ಪರಿಣಾಮಕ್ಕೆ ಹತ್ತಿರವಾಗಿರುವುದು `Screen` ಎಂಬ ಬ್ಲೆಂಡ್ ಮೋಡ್. ಬ್ಲೆಂಡ್ ಮೋಡ್ ಎಂದರೆ ಮೇಲಿನ ಲೇಯರ್‌ನ ಒಂದು ಚುಕ್ಕೆಯನ್ನೂ ಅದರ ಕೆಳಗಿರುವ ಚುಕ್ಕೆಯನ್ನೂ ಯಾವ ಲೆಕ್ಕದಿಂದ ಸೇರಿಸಬೇಕು ಎಂಬ ನಿಯಮ. `Multiply` ಎಂಬ ಇನ್ನೊಂದು ಮೋಡ್ ಇದಕ್ಕೆ ತದ್ವಿರುದ್ಧ. ಅದರಲ್ಲಿ ಕಪ್ಪು ಕಪ್ಪಾಗಿಯೇ ಉಳಿದು ಬಿಳಿಯ ಜಾಗದಲ್ಲಿ ಭೂದೃಶ್ಯ ತುಂಬುತ್ತದೆ. ನಮಗೆ ಬೇಕಾದದ್ದು ಗೋಡೆಯ ಮೇಲಲ್ಲ, ತಲೆಯೊಳಗೆ ಬೆಟ್ಟ. ಆದ್ದರಿಂದ `Screen`.

ಒಂದು ಚುಕ್ಕೆಯ ಲೆಕ್ಕ

ಲೆಕ್ಕ ಸರಳವಾಗಲೆಂದು ಎರಡೂ ಫೋಟೋಗಳನ್ನು ಕಪ್ಪು-ಬಿಳುಪು ಮಾಡಿಕೊಂಡೆವು. ಆಗ ಪ್ರತಿ ಚುಕ್ಕೆಗೂ ಒಂದೇ ಸಂಖ್ಯೆ: ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 255. ಬಣ್ಣದ ಚಿತ್ರದಲ್ಲಿ ಇದೇ ಲೆಕ್ಕ ಕೆಂಪು, ಹಸಿರು, ನೀಲಿಗಳಿಗೆ ಬೇರೆ ಬೇರೆಯಾಗಿ ನಡೆಯುತ್ತದೆ. ಮುಖದ ಫೋಟೋದ ಚುಕ್ಕೆಯನ್ನು a, ಭೂದೃಶ್ಯದ ಚುಕ್ಕೆಯನ್ನು x, ಬೆರೆತ ಚುಕ್ಕೆಯನ್ನು y ಎಂದುಕೊಂಡರೆ `Screen` ನಿಯಮ ಹೀಗಿದೆ:

```
y = 255 - (255 - a)(255 - x) / 255
```

255 − a ಎಂಬುದು ಆ ಚುಕ್ಕೆ ಬಿಳಿಯಾಗಲು ಇನ್ನೂ ಎಷ್ಟು ಬಾಕಿ ಇದೆ ಎಂಬುದನ್ನು ಹೇಳುತ್ತದೆ. ಎರಡು ಚಿತ್ರಗಳ ಬಾಕಿಗಳನ್ನು ಗುಣಿಸಿ, 255ರಿಂದ ಭಾಗಿಸಿ, ಬಂದದ್ದನ್ನು 255ರಿಂದ ಕಳೆಯುತ್ತೇವೆ. ಬಿಡಿಸಿ ಬರೆದರೆ ಇದು ಇನ್ನೂ ಚೊಕ್ಕವಾಗುತ್ತದೆ:

```
y = a + x(255 - a)/255
```

ಒಂದು ನಿರ್ದಿಷ್ಟ ಚುಕ್ಕೆಯಲ್ಲಿ a ಸ್ಥಿರ. ಹಾಗಾಗಿ ಇದು ಮಕ್ಕಳಿಗೆ ಗೊತ್ತಿರುವ y = mx + c ರೂಪವೇ. ಇಲ್ಲಿ c ಎಂದರೆ ಮುಖದ ಮೂಲ ಬೆಳಕು. m ಎಂದರೆ (255 − a)/255, ಅಂದರೆ ಭೂದೃಶ್ಯ ಎಷ್ಟು ಪಾಲು ಒಳಗೆ ಬರಬಹುದು ಎಂಬ ಅಳತೆ. ಚುಕ್ಕೆ ಬಿಳಿಯಾಗಿದ್ದರೆ m ಸೊನ್ನೆ, ಭೂದೃಶ್ಯಕ್ಕೆ ಪ್ರವೇಶವಿಲ್ಲ. ಚುಕ್ಕೆ ಕಪ್ಪಾಗಿದ್ದರೆ m ಒಂದು, ಭೂದೃಶ್ಯ ಪೂರ್ತಿಯಾಗಿ ಬರುತ್ತದೆ.

ಮೊದಲ ದಿನ

ಭೂದೃಶ್ಯಕ್ಕಾಗಿ ಸಂಜೆ ಹೊತ್ತಿನಲ್ಲಿ ಅಡಿಕೆ ತೋಟದ ಅಂಚಿನಿಂದ ತೆಗೆದ ಒಂದು ಫೋಟೋ ಇತ್ತು. ಕೆಳಗೆ ಕಪ್ಪಗಿನ ತೋಟ, ನಡುವೆ ಬೆಟ್ಟದ ಸಾಲು, ಮೇಲೆ ಮಂಕು ಆಕಾಶ. ಜಿಂಪ್‌ನ ಕಲರ್ ಪಿಕ್ಕರ್‌ನಿಂದ ಮುಟ್ಟಿ ನೋಡಿದಾಗ ತೋಟ ಸುಮಾರು 51, ಆಕಾಶ ಸುಮಾರು 153. ಮೊದಲು ನನ್ನದೇ ಫೋಟೋದಿಂದ ಮಾಡಿ ತೋರಿಸಿದೆ. ನಂತರ ಯಾರ ಫೋಟೋದಿಂದ ಮಾಡೋಣ ಎಂದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಉತ್ಸಾಹದಿಂದ ಎದ್ದು ನಿಂತಳು. ಮನೆಯವರ ಮತ್ತು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದೇ ಇತ್ತು. ವರಾಂಡದ ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದೆ. ಅವಳದು ಕಪ್ಪು ಮೈಬಣ್ಣ. ಫೋಟೋದಲ್ಲಿ ಕೆನ್ನೆ 90, ತುಟಿ 60, ಕೂದಲು 30.

ಭೂದೃಶ್ಯವನ್ನು ಮೇಲಿಟ್ಟು `Screen` ಆರಿಸಿದ ಕೂಡಲೇ ಎರಡು ತೊಂದರೆಗಳು ಕಂಡವು. ಗೋಡೆಯ ಮೇಲೆ ಮರಗಳ ನೆರಳಿನಂಥ ಗುರುತು ಉಳಿದಿತ್ತು. ಮುಖದಲ್ಲಿ ಬೆಟ್ಟದ ಅಂಚು ಮೂಗಿನ ಮೇಲೆ ಹಾದು, ಕಣ್ಣು ಆಕಾಶದಲ್ಲಿ ಕರಗಿಹೋಗಿತ್ತು.

ಗೋಡೆಯ ಕಾರಣ ನನಗೆ ಗೊತ್ತಿತ್ತು. ಕಣ್ಣಿಗೆ ಬಿಳಿಯೆನಿಸಿದ ಗೋಡೆ ಫೋಟೋದಲ್ಲಿ 204 ಮಾತ್ರ ಇತ್ತು. ಅಲ್ಲಿ m ಐದನೇ ಒಂದು ಭಾಗ, ಆದ್ದರಿಂದ ಭೂದೃಶ್ಯದ ಐದನೇ ಒಂದು ಭಾಗ ಗೋಡೆಯ ಮೇಲೂ ಬಂದಿತ್ತು. ನಾನು `Colors` ಮೆನುವಿನ `Levels` ತೆರೆದು ಬಿಳಿಯ ಗುಂಡಿಯನ್ನು 204ಕ್ಕೆ ಎಳೆದೆ. ಗೋಡೆ ಅಪ್ಪಟ ಬಿಳಿಯಾಯಿತು, ಮರಗಳ ಗುರುತು ಹೋಯಿತು. ಮುಖವೂ ‘ತಿಳಿಯಾಗಿ’ ಕಾಣುತ್ತಿದೆ ಎಂದು ನಾನು ಖುಷಿಯಿಂದಲೇ ಹೇಳಿದೆ.

ಹುಡುಗಿ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, “ಮಿಸ್, ಇದು ನಾನಲ್ಲ. ನನ್ನನ್ನ ಬೆಳ್ಳಗೆ ಮಾಡಿಬಿಟ್ಟಿದ್ದೀರಿ” ಎಂದಳು. ಹಿಂದಿನಿಂದ ಒಬ್ಬ ಹುಡುಗ, “ಕಪ್ಪಗಿದ್ರೆ ಫೋಟೋ ಬರಲ್ಲ, ಅದಕ್ಕೇ ಮಿಸ್ ಹಂಗೆ ಮಾಡಿದ್ದು” ಎಂದ. ಕೆಲವರು ನಕ್ಕರು. ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು. ಅವನ ಮಾತು ತಪ್ಪು ಎಂದು ನಾನು ಹೇಳಿದೆ. ಯಾಕೆ ತಪ್ಪು ಎಂದು ಹೇಳಲು ನನ್ನಲ್ಲಿ ಆ ಕ್ಷಣ ಉತ್ತರವಿರಲಿಲ್ಲ. ಗಂಟೆ ಹೊಡೆಯಿತು.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕಿ ಹೊರಗೆ ಬಂದ ಮೇಲೆ ಒಂದೇ ಮಾತು ಹೇಳಿದರು: “ಸಮೀಕರಣ ಬೋರ್ಡಿನ ಮೇಲೆ ಬರೆದೆಯಲ್ಲ, ಅವಳ ಕೆನ್ನೆಗೆ ಯಾಕೆ ಹಾಕಿ ನೋಡಲಿಲ್ಲ?”

ಕೆನ್ನೆಗೆ ಹಾಕಿ ನೋಡಿದಾಗ

ಅಂದು ಸಂಜೆ ಕೂತು ಹಾಕಿ ನೋಡಿದೆ. `Levels` ಗುಂಡಿಯನ್ನು 204ಕ್ಕೆ ಎಳೆದರೆ ಚಿತ್ರದ ಪ್ರತಿ ಚುಕ್ಕೆಯೂ 255/204, ಅಂದರೆ ಒಂದೂಕಾಲು ಪಟ್ಟಾಗುತ್ತದೆ. ಗೋಡೆ 204ರಿಂದ 255 ಆಯಿತು, ಜೊತೆಗೆ ಕೆನ್ನೆ 90ರಿಂದ ಸುಮಾರು 112 ಆಯಿತು. ಗೋಡೆಗೆ ಬಳಿದ ಸುಣ್ಣ ಮುಖಕ್ಕೂ ತಾಗಿದಂತೆ. ಇದು ಪೂರ್ತಿಯಾಗಿ ನನ್ನ ತಪ್ಪು.

ಆದರೆ ಅಷ್ಟೇ ಅಲ್ಲ. ಆ 112ರ ಮೇಲೆ `Screen` ಲೆಕ್ಕ ಹಾಕಿದರೆ ತೋಟದ ಜಾಗದಲ್ಲಿ 141, ಆಕಾಶದ ಜಾಗದಲ್ಲಿ 198 ಬರುತ್ತದೆ. `Levels` ಸೇರಿಸಿದ್ದು 22. ಉಳಿದದ್ದೆಲ್ಲ `Screen` ಸೇರಿಸಿದ್ದು. ಸಮೀಕರಣವನ್ನು ನೋಡಿದರೆ ಇದು ಎದುರಿಗೇ ಇದೆ: a ಗೆ ಒಂದು ಧನ ಸಂಖ್ಯೆಯನ್ನು ಕೂಡುತ್ತಿದ್ದೇವೆ, ಆದ್ದರಿಂದ y ಎಂದೂ a ಗಿಂತ ಕಡಿಮೆಯಾಗದು. `Screen` ಯಾರನ್ನೂ ಕಪ್ಪಾಗಿಸದು. ಎಲ್ಲರನ್ನೂ ಬೆಳ್ಳಗಾಗಿಸುತ್ತದೆ, ಕಪ್ಪಗಿದ್ದವರನ್ನು ಹೆಚ್ಚು. ಹುಡುಗಿ ಹೇಳಿದ್ದು ಲೆಕ್ಕದ ಪ್ರಕಾರವೂ ಸರಿ.

ಹಾಗಾದರೆ ಮುಖ ಕರಗಿದ್ದು ಯಾಕೆ? ಒಂದು ಮುಖವನ್ನು ನಾವು ಗುರುತಿಸುವುದು ಅದರ ಬೆಳಕಿನ ಮೊತ್ತದಿಂದಲ್ಲ. ಕೆನ್ನೆಗೂ ತುಟಿಗೂ, ರೆಪ್ಪೆಗೂ ಕಣ್ಣಿಗೂ ಇರುವ ವ್ಯತ್ಯಾಸದಿಂದ. ಅವಳ ಮೂಲ ಫೋಟೋದಲ್ಲಿ ಕೆನ್ನೆಗೂ ತುಟಿಗೂ ಇದ್ದ ವ್ಯತ್ಯಾಸ 30. ಅದರ ಮೇಲೆ ತೋಟ ಬಂದರೆ ಕೆನ್ನೆ 123, ತುಟಿ 99, ವ್ಯತ್ಯಾಸ 24. ಆಕಾಶ ಬಂದರೆ ಕೆನ್ನೆ 189, ತುಟಿ 177. ವ್ಯತ್ಯಾಸ ಬರೀ 12. ಅದೇ ಹೊತ್ತಿಗೆ ಕೆನ್ನೆಯ ಮೇಲೆಯೇ ತೋಟಕ್ಕೂ ಆಕಾಶಕ್ಕೂ ನಡುವಿನ ವ್ಯತ್ಯಾಸ 189 − 123, ಅಂದರೆ 66. ಮುಖದ ಗೆರೆಗಳು 12ರಷ್ಟು ಮೆಲ್ಲಗೆ ಮಾತಾಡುವಾಗ ಬೆಟ್ಟದ ಗೆರೆ 66ರಷ್ಟು ಕೂಗುತ್ತಿತ್ತು. ಕಣ್ಣಿಗೆ ಬೆಟ್ಟ ಕಂಡಿತು, ಮುಖ ಕಾಣಲಿಲ್ಲ.

ಅಂದರೆ ಹಿಂದಿನ ಬೆಂಚಿನ ಹುಡುಗನ ಮಾತಿಗೆ ಉತ್ತರ ಸಿಕ್ಕಿತು. ಅವಳ ಫೋಟೋ ಚೆನ್ನಾಗಿಯೇ ಬಂದಿತ್ತು, ಅದರಲ್ಲಿ ಅವಳು ಸ್ಪಷ್ಟವಾಗಿಯೇ ಇದ್ದಳು. ನಾನು ಅವಳ ಮುಖದ ಮೇಲೆ ಆಕಾಶವನ್ನು ತಂದಿಟ್ಟಿದ್ದೆ, ಅದನ್ನು ತಡೆಯಲು ಏನನ್ನೂ ಮಾಡಿರಲಿಲ್ಲ. ಬಿಳಿ ಮೈಬಣ್ಣದವರ ಮುಖದಲ್ಲಿ m ಸಣ್ಣದಾಗಿರುವುದರಿಂದ ಬೆಟ್ಟದ ಕೂಗು ತಾನಾಗಿ ತಗ್ಗುತ್ತದೆ, ಇಂಥ ಅಜಾಗರೂಕತೆ ಮುಚ್ಚಿಹೋಗುತ್ತದೆ. ಕಪ್ಪು ಮೈಬಣ್ಣದಲ್ಲಿ ಅದು ಹೊರಗೆ ಬೀಳುತ್ತದೆ. ನನ್ನ ಫೋಟೋದಲ್ಲಿ ಎಲ್ಲ ಸರಿ ಬಂದದ್ದು ನನ್ನ ಜಾಣತನದಿಂದಲ್ಲ.

ಎರಡನೆಯ ದಿನ ಮಾಡಿದ್ದು

ಮರುದಿನ ಅವಳನ್ನು ಪ್ರತ್ಯೇಕವಾಗಿ ಕರೆದು, ನಿನ್ನೆ ತಪ್ಪು ಮಾಡಿದ್ದು ನಾನು, ನಿನ್ನ ಫೋಟೋದಿಂದಲೇ ಅದನ್ನು ಸರಿಮಾಡಬಹುದು, ನೀನು ಒಪ್ಪಿದರೆ ಮಾತ್ರ ಎಂದೆ. ಸ್ವಲ್ಪ ಯೋಚಿಸಿ, “ಮೌಸ್ ನಾನೇ ಹಿಡೀತೀನಿ” ಎಂದಳು. ಮೂಲ ಫೋಟೋವನ್ನು ಹಾಗೆಯೇ ಇಟ್ಟುಕೊಂಡು ಮೂರು ಕೆಲಸ ಮಾಡಿದೆವು.

ಮೊದಲನೆಯದು ಗೋಡೆ. `Levels` ಮುಟ್ಟಲಿಲ್ಲ. ಮುಖದ ಫೋಟೋವನ್ನು ತೆರೆದು `Fuzzy Select Tool` ಹಿಡಿದು ಗೋಡೆಯನ್ನು ಮಾತ್ರ ಆಯ್ದೆವು. ಒಂದೇ ಕ್ಲಿಕ್ಕಿಗೆ ಪೂರ್ತಿ ಗೋಡೆ ಸಿಗದಿದ್ದರೆ ಶಿಫ್ಟ್ ಒತ್ತಿಕೊಂಡು ಉಳಿದ ಜಾಗಗಳನ್ನು ಸೇರಿಸಬಹುದು. ಕೂದಲಿನ ಅಂಚು ಕತ್ತರಿಸಿದಂತೆ ಕಾಣದಿರಲೆಂದು `Select` ಮೆನುವಿನ `Feather` ಮೂಲಕ ಮೂರು ಪಿಕ್ಸೆಲ್‌ನಷ್ಟು ಅಂಚನ್ನು ಮೆತ್ತಗೆ ಮಾಡಿದೆವು. ಆಮೇಲೆ ಹೊಸ ಪಾರದರ್ಶಕ ಲೇಯರ್ ಒಂದನ್ನು ಸೇರಿಸಿ ಆ ಆಯ್ಕೆಗೆ ಮಾತ್ರ ಬಿಳಿ ತುಂಬಿದೆವು. ಗೋಡೆ 255 ಆಯಿತು. ಕೆನ್ನೆ 90ರಲ್ಲೇ ಇತ್ತು. ಪಿಕ್ಕರ್‌ನಿಂದ ಮುಟ್ಟಿ ಖಚಿತಪಡಿಸಿಕೊಂಡದ್ದು ಅವಳೇ. ಮುಂದಿನ ಕೆಲಸಕ್ಕೆ ಮೊದಲು `Select` ಮೆನುವಿನ `None` ಒತ್ತಿ ಆಯ್ಕೆಯನ್ನು ತೆಗೆಯಬೇಕು. ಇಲ್ಲದಿದ್ದರೆ ಮುಂದೆ ಬ್ರಷ್ ಮುಖದ ಮೇಲೆ ಓಡುವುದೇ ಇಲ್ಲ.

ಎರಡನೆಯದು ಭೂದೃಶ್ಯದ ಜಾಗ. `File` ಮೆನುವಿನ `Open as Layers` ಮೂಲಕ ಭೂದೃಶ್ಯವನ್ನು ಎಲ್ಲಕ್ಕಿಂತ ಮೇಲೆ ತಂದು ಮೋಡ್ ಅನ್ನು `Screen` ಮಾಡಿದೆವು. ಬಳಿಕ `Move Tool` ಹಿಡಿದು, ಬೆಟ್ಟದ ಸಾಲು ಹಣೆಯ ಮೇಲ್ಭಾಗದಲ್ಲಿ ಹಾದು, ಆಕಾಶ ಕೂದಲಿನೊಳಗೂ ಕಪ್ಪು ತೋಟ ಮುಖ ಮತ್ತು ಭುಜಗಳ ಮೇಲೂ ಬರುವಂತೆ ಸರಿಸಿದೆವು. ಕೂದಲಿನ 30ರ ಮೇಲೆ ಆಕಾಶ ಬಂದಾಗ 165. ಅದು ಗೋಡೆಯ 255ಕ್ಕಿಂತ ಸಾಕಷ್ಟು ಕೆಳಗಿರುವುದರಿಂದ ತಲೆಯ ಆಕಾರ ಉಳಿಯುತ್ತದೆ. ಮಟಮಟ ಮಧ್ಯಾಹ್ನದ ಆಕಾಶದ ಫೋಟೋ ಆಗಿದ್ದರೆ ಕೂದಲು ಗೋಡೆಯ ಬಿಳಿಯಲ್ಲೇ ಸೇರಿಹೋಗಿ ತಲೆ ಮೇಲಿನಿಂದ ಕತ್ತರಿಸಿದಂತೆ ಕಾಣುತ್ತಿತ್ತು. ಭೂದೃಶ್ಯ ಆರಿಸುವಾಗ ಚಂದಕ್ಕಿಂತ ಮೊದಲು ಆಕಾಶದ ಸಂಖ್ಯೆಯನ್ನು ನೋಡಬೇಕು.

ಮೂರನೆಯದು ಮಾಸ್ಕ್. ತೋಟ ಮಾತ್ರ ಬಂದರೂ ಕೆನ್ನೆ 90ರಿಂದ 123ಕ್ಕೆ ಏರುತ್ತದೆ; ಅದೂ ಅವಳ ಬಣ್ಣವಲ್ಲ. ಭೂದೃಶ್ಯದ ಲೇಯರ್ ಮೇಲೆ ಬಲ ಗುಂಡಿ ಒತ್ತಿ `Add Layer Mask` ಆರಿಸಿ, `White (full opacity)` ಎಂದು ಕೊಟ್ಟೆವು. ಮಾಸ್ಕ್ ಬಿಳಿಯಾಗಿರುವಲ್ಲಿ ಭೂದೃಶ್ಯ ಪೂರ್ತಿ ಕಾಣುತ್ತದೆ, ಕಪ್ಪಾಗಿರುವಲ್ಲಿ ಮರೆಯಾಗುತ್ತದೆ, ಬೂದಿಯಾಗಿರುವಲ್ಲಿ ಅಷ್ಟರಮಟ್ಟಿಗೆ ಕಾಣುತ್ತದೆ. ಸಮೀಕರಣದಲ್ಲಿ ಮಾಸ್ಕ್ ಎಂದರೆ x ನ ಭಾಗಕ್ಕೆ ಹಾಕಿದ ಇನ್ನೊಂದು ಗುಣಕ k, ಸೊನ್ನೆಯಿಂದ ಒಂದರವರೆಗೆ:

```
y = a + k * x(255 - a)/255
```

ಮೆತ್ತನೆ ಅಂಚಿನ ದೊಡ್ಡ ಬ್ರಷ್ಷಿನಿಂದ, ಕಪ್ಪು ಬಣ್ಣದಲ್ಲಿ, `Opacity` 80 ಇಟ್ಟು, ಕಣ್ಣು, ಮೂಗು, ತುಟಿ, ಕೆನ್ನೆಗಳ ಮೇಲೆ ಬಿಡದೆ ಒಮ್ಮೆ ಬಳಿದಳು. k ಸುಮಾರು 0.2 ಆಯಿತು. ಕೆನ್ನೆ ಅಂದಾಜು 97, ತುಟಿ 68. ವ್ಯತ್ಯಾಸ 29, ಮೂಲದಲ್ಲಿ 30 ಇತ್ತು. ಬೂದು ಮಾಸ್ಕ್‌ನಲ್ಲಿ ತಂತ್ರಾಂಶ ಬೆಳಕನ್ನು ತುಸು ಬೇರೆ ರೀತಿ ಬೆರೆಸುವುದರಿಂದ ಪರದೆಯ ಮೇಲಿನ ಸಂಖ್ಯೆ ಇದಕ್ಕಿಂತ ಸ್ವಲ್ಪ ಆಚೀಚೆ ಇರಬಹುದು. ಆದರೆ ದಿಕ್ಕು ಇದೇ. ಮುಖದ ಅಂಚಿಗೆ ಬಂದಂತೆ ಬ್ರಷ್ ಮೆತ್ತಗಾಗಿ, ಕಿವಿಯ ಬಳಿಯಿಂದ ತೋಟ ನಿಧಾನವಾಗಿ ಶುರುವಾಗಿ, ಜಡೆಯೊಳಗೆ ಅಡಿಕೆ ಮರಗಳು ನಿಂತವು.

ಕಣ್ಣಿಗೆ ಕಾಣದ ಒಂದು ತಪ್ಪು

ಆಮೇಲೆ ಉಳಿದ ಮಕ್ಕಳು ಗುಂಪುಗಳಲ್ಲಿ ಇದನ್ನೇ ಮಾಡಿದಾಗ ಒಂದು ವಿಚಿತ್ರ ಕಂಡಿತು. ಎರಡು ಗುಂಪಿನವರು ಮಾಸ್ಕ್ ಮೇಲೆ ಬಳಿಯುವ ಬದಲು ಭೂದೃಶ್ಯದ ಮೇಲೆಯೇ ಕಪ್ಪು ಬಳಿದಿದ್ದರು. ಆದರೂ ಚಿತ್ರ ಸರಿಯಾಗಿಯೇ ಕಂಡಿತು! ಕಾರಣ ಸಮೀಕರಣದಲ್ಲಿದೆ. ಭೂದೃಶ್ಯದ ಮೇಲೆ ಕಪ್ಪು ಬಳಿದರೆ x ಸೊನ್ನೆ. ಮಾಸ್ಕ್ ಮೇಲೆ ಕಪ್ಪು ಬಳಿದರೆ k ಸೊನ್ನೆ. ಎರಡರಲ್ಲೂ y = a.

ತಪ್ಪು ಬಯಲಾಗುವುದು ತಿದ್ದಲು ಹೊರಟಾಗ. ಹೆಚ್ಚಾಗಿ ಅಳಿಸಿಹೋದ ಜಾಗದಲ್ಲಿ ಮರಗಳನ್ನು ಮರಳಿ ತರಲು ಬಿಳಿ ಬಳಿದರೆ, ಮಾಸ್ಕ್ ಆಗಿದ್ದಲ್ಲಿ ಮರಗಳು ಹಿಂದಿರುಗುತ್ತವೆ. ಭೂದೃಶ್ಯದ ಮೇಲೆಯೇ ಬಳಿದಿದ್ದಲ್ಲಿ x 255 ಆಗಿ ಮುಖದ ಮೇಲೆ ಬಿಳಿಯ ಪಟ್ಟೆ ಬೀಳುತ್ತದೆ, ಮರಗಳು ಶಾಶ್ವತವಾಗಿ ಹೋಗಿರುತ್ತವೆ. ಆದ್ದರಿಂದ ಬ್ರಷ್ ಹಿಡಿಯುವ ಮೊದಲು ಲೇಯರ್ ಪಟ್ಟಿಯನ್ನು ನೋಡಿಸಿ. ಲೇಯರ್‌ನ ಪುಟ್ಟ ಚಿತ್ರ ಮತ್ತು ಅದರ ಪಕ್ಕದ ಮಾಸ್ಕ್‌ನ ಪುಟ್ಟ ಚಿತ್ರ, ಇವೆರಡರಲ್ಲಿ ಬಿಳಿ ಅಂಚು ಯಾವುದಕ್ಕಿದೆಯೋ ಅದರ ಮೇಲೆಯೇ ಬಣ್ಣ ಬೀಳುವುದು.

ಗ್ರಾಫ್ ಹಾಳೆಗೆ ಮರಳಿದಾಗ

ಕೊನೆಯ ಇಪ್ಪತ್ತು ನಿಮಿಷ ಕಂಪ್ಯೂಟರ್ ಆರಿಸಿ ಗ್ರಾಫ್ ಹಾಳೆ ಕೊಟ್ಟೆ. ಕೂದಲು 30, ಕೆನ್ನೆ 90, ಗೋಡೆ 255, ಈ ಮೂರಕ್ಕೆ ಮಾಸ್ಕ್ ಇಲ್ಲದ `Screen` ಗೆರೆಗಳನ್ನು ಎಳೆಯಬೇಕು. x ಗೆ 0, 51, 102, 255 ಎಂಬ ಬೆಲೆಗಳನ್ನು ಕೊಟ್ಟರೆ ಭಿನ್ನರಾಶಿ ಬಾರದೆ ಲೆಕ್ಕ ಸುಲಭವಾಗುತ್ತದೆ. ಕೂದಲಿಗೆ 30, 75, 120, 255. ಕೆನ್ನೆಗೆ 90, 123, 156, 255. ಗೋಡೆಗೆ ಎಲ್ಲ ಕಡೆ 255.

ಮೂರು ಗೆರೆಗಳೂ (255, 255) ಬಿಂದುವಿನಲ್ಲಿ ಕೂಡಿದ್ದನ್ನು ಮೊದಲು ಹೇಳಿದ್ದು ಹಿಂದಿನ ಬೆಂಚಿನ ಅದೇ ಹುಡುಗ. ಹಾಗೆಂದರೆ ಏನು ಎಂದು ಕೇಳಿದೆ. ಸ್ವಲ್ಪ ಹೊತ್ತು ಗೆರೆಯ ಮೇಲೆ ಬೆರಳಾಡಿಸಿ, “ಭೂದೃಶ್ಯ ಪೂರ್ತಿ ಬಿಳಿ ಇದ್ರೆ ಯಾರ ಮುಖಾನೂ ಉಳಿಯಲ್ಲ ಮಿಸ್. ಬೆಳ್ಳಗಿದ್ದವರದ್ದೂ ಇಲ್ಲ” ಎಂದ. ಹಿಂದಿನ ದಿನ ನಾನು ಕೊಡಲಾಗದ ಉತ್ತರ ಅದು. ಮುಂದಿನ ಬೆಂಚಿನ ಹುಡುಗಿ ತಿರುಗಿ ಅವನ ಹಾಳೆಯನ್ನು ನೋಡಿದಳು, ತನ್ನ ಹಾಳೆಯಲ್ಲಿ ಆ ಬಿಂದುವಿಗೆ ಒಂದು ಸುತ್ತು ಹಾಕಿದಳು.

ಇದೇ ಪಾಠವನ್ನು ಮತ್ತೊಮ್ಮೆ ಮಾಡುವಾಗ ನಾನು ಬದಲಿಸುವುದು ಎರಡು. ಒಂದು, ಮೋಡ್ ಬದಲಿಸುವ ಮೊದಲೇ ಪ್ರತಿ ಗುಂಪು ಕೆನ್ನೆ, ತುಟಿ, ಗೋಡೆಗಳ ಸಂಖ್ಯೆಯನ್ನು ಓದಿ, ಬೆರೆತ ಮೇಲೆ ಎಷ್ಟಾಗಬಹುದು ಎಂದು ಪುಸ್ತಕದಲ್ಲಿ ಬರೆದಿರಬೇಕು. ಇನ್ನೊಂದು, ಪ್ರಾತ್ಯಕ್ಷಿಕೆಗೆ ನನ್ನ ಫೋಟೋದ ಜೊತೆ, ನನಗಿಂತ ಬೇರೆ ಮೈಬಣ್ಣದ, ಒಪ್ಪಿಗೆ ಕೊಟ್ಟ ಸಹಪಾಠಿಯ ಫೋಟೋವನ್ನೂ ಮನೆಯಲ್ಲಿಯೇ ಮಾಡಿ ನೋಡಿಕೊಂಡು ಹೋಗುತ್ತೇನೆ. ಮಕ್ಕಳ ಫೋಟೋಗಳನ್ನು ಪಾಠ ಮುಗಿದ ಮೇಲೆ ಅವರೆದುರೇ ಅಳಿಸಿದೆವು. ಆ ಹುಡುಗಿಯ ಚಿತ್ರದ ಒಂದು ಮುದ್ರಿತ ಪ್ರತಿಯನ್ನು ಮಾತ್ರ ಅವಳು ಕೇಳಿದ್ದರಿಂದ ಅವಳಿಗೆ ಕೊಟ್ಟೆ.